ಗ್ಯಾಪ್ ತುಂಬುತ್ತೆ ಅಂತಾರೆ. ಯಾವಾಗ? ಅದಕ್ಕೂ ಮೊದಲು ಏನಾಗುತ್ತೆ?

ಕಳೆದ ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದಲ್ಲಿ ನಾವು ಸುಮಾರು ನಲವತ್ತು ಜನ ಸೇರಿದ್ದೆವು. ಬಟ್ಟೆ ಅಂಗಡಿಯವರು, ದಲಾಲಿ ಮಂಡಿಯವರು, ಇಬ್ಬರು ನಿವೃತ್ತ ಮೇಷ್ಟ್ರು, ಇಂಜಿನಿಯರಿಂಗ್ ಓದುವ ಹುಡುಗರು. ಷೇರು ಪೇಟೆಗೆ ಸ್ವಂತ ದುಡ್ಡು ಹಾಕಿದವರೇ ಎಲ್ಲರೂ. ಅಲ್ಲಿ ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ತುಂಬಾ ಜನ ಕೇಳಿದರು. ಮಾತಿನಲ್ಲಿ ಅವಸರ ಆದ ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಗ್ಯಾಪ್ ಅಂದರೆ ಏನು ಅಂತ ನಮ್ಮ ಮಂಡಿಯ ಲೆಕ್ಕದಲ್ಲೇ ಹೇಳುತ್ತೇನೆ. ನಿನ್ನೆ ಸಂಜೆ ಕೊನೆಯ ಮೆಕ್ಕೆಜೋಳದ ರಾಶಿ ಕ್ವಿಂಟಾಲ್‌ಗೆ 2,200ಕ್ಕೆ ಹೋಯಿತು ಅಂದುಕೊಳ್ಳಿ. ಇವತ್ತು ಬೆಳಿಗ್ಗೆ ಮೊದಲ ರಾಶಿಗೆ ಕೂಗಿದ್ದೇ 2,260. ನಡುವಿನ ಅರವತ್ತು ರೂಪಾಯಿಯಲ್ಲಿ ಒಂದು ಚೀಲವೂ ಮಾರಾಟ ಆಗಿಲ್ಲ. ಆ ಖಾಲಿ ಜಾಗವೇ ಗ್ಯಾಪ್. ಮಧ್ಯಾಹ್ನದೊಳಗೆ ದರ ಮತ್ತೆ 2,200ಕ್ಕೆ ಇಳಿದರೆ ಗ್ಯಾಪ್ ತುಂಬಿತು ಅನ್ನುತ್ತಾರೆ.

ಷೇರು ಪೇಟೆಯಲ್ಲಿ ಇದು ಹೆಚ್ಚುಕಡಿಮೆ ದಿನಾ ಆಗುತ್ತದೆ. ಮಧ್ಯಾಹ್ನ 3:30ಕ್ಕೆ ಪೇಟೆ ಮುಚ್ಚುತ್ತದೆ, ಬೆಳಿಗ್ಗೆ 9:15ಕ್ಕೆ ತೆರೆಯುತ್ತದೆ. ನಡುವೆ ಅಮೆರಿಕದ ಪೇಟೆ ನಡೆದಿರುತ್ತದೆ, ಕಂಪನಿಯ ಫಲಿತಾಂಶ ಬಂದಿರುತ್ತದೆ, ಗಿಫ್ಟ್ ನಿಫ್ಟಿ ತಡರಾತ್ರಿಯವರೆಗೂ ಓಡಿರುತ್ತದೆ. ಬೆಳಿಗ್ಗೆ 9:00ರಿಂದ ನಡೆಯುವ ಪ್ರೀ ಓಪನ್‌ನಲ್ಲಿ ಎಲ್ಲರ ಆರ್ಡರ್ ಒಟ್ಟು ಸೇರಿ ಒಂದು ಬೆಲೆ ಹುಟ್ಟುತ್ತದೆ. ಅದು ನಿನ್ನೆಯ ಮುಕ್ತಾಯದ ಬೆಲೆಗೆ ಸರಿಯಾಗಿ ಹೊಂದಿದರೆ ಅದೇ ಆಶ್ಚರ್ಯ.

ಈಗ ಮಾತಿಗೆ ಬರೋಣ. "ಗ್ಯಾಪ್ ತುಂಬೇ ತುಂಬುತ್ತೆ" ಅನ್ನುವುದನ್ನು ನಿಮ್ಮಲ್ಲಿ ಕೇಳದವರು ಯಾರೂ ಇಲ್ಲ. ಇದು ಪೂರ್ತಿ ಸುಳ್ಳು ಅಲ್ಲ. ತೊಂದರೆ ಏನು ಅಂದರೆ, ಇದು ಅರ್ಧ ವಾಕ್ಯ. ಯಾವಾಗ ತುಂಬುತ್ತೆ ಅಂತ ಹೇಳಿಲ್ಲ. ತುಂಬುವ ಮೊದಲು ಬೆಲೆ ಎಷ್ಟು ದೂರ ಆ ಕಡೆಗೆ ಹೋಗಿ ಬರುತ್ತೆ ಅಂತ ಹೇಳಿಲ್ಲ. ನಾವು ದುಡ್ಡು ಹಾಕುವುದು ಮಾತ್ರ ಪೂರ್ತಿ ವಾಕ್ಯದ ಮೇಲೆ.

ಒಂದು ದಿನವನ್ನು ಹತ್ತಿರದಿಂದ ನೋಡೋಣ. 2024ರ ಜೂನ್ 4, ಮಂಗಳವಾರ, ಲೋಕಸಭಾ ಚುನಾವಣೆಯ ಎಣಿಕೆ. ಹಿಂದಿನ ದಿನ ಸೋಮವಾರ, ಎಕ್ಸಿಟ್ ಪೋಲ್ ನೋಡಿ ನಿಫ್ಟಿ ಜೋರಾಗಿ ಏರಿ 23,264ರ ಹತ್ತಿರ ಮುಗಿದಿತ್ತು. ಮಂಗಳವಾರ ತೆರೆದಿದ್ದು 23,180ರ ಹತ್ತಿರ. ಅಂದರೆ ಸುಮಾರು 84 ಪಾಯಿಂಟ್ ಕೆಳಗಿನ ಗ್ಯಾಪ್. ಆ ಮಟ್ಟದಲ್ಲಿ 84 ಪಾಯಿಂಟ್ ಅಂದರೆ ನೂರಕ್ಕೆ 0.4ಕ್ಕಿಂತ ಕಡಿಮೆ, ತೀರಾ ಸಣ್ಣದು. ಸಣ್ಣ ಗ್ಯಾಪ್ ಬೇಗ ತುಂಬುತ್ತೆ ಅಂತ ಎಲ್ಲರಿಗೂ ಬಾಯಿಪಾಠ ಆಗಿದೆಯಲ್ಲ?

ನನ್ನ ಗೆಳೆಯರೊಬ್ಬರು ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿದ್ದಾರೆ. ಅವತ್ತು ಬೆಳಿಗ್ಗೆ ನಾನು ಅವರ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಕೂತಿದ್ದೆ. ತೆರೆಯುತ್ತಿದ್ದ ಹಾಗೆ ಅವರು ನಿಫ್ಟಿ ಫ್ಯೂಚರ್ ಖರೀದಿ ಮಾಡಿದರು. ಗುರಿ ನಿನ್ನೆಯ ಮುಕ್ತಾಯ. "ಸ್ಟಾಪ್ ಲಾಸ್ ಎಲ್ಲಿ ಹಾಕಿದ್ರಿ ಅಣ್ಣ" ಅಂತ ಕೇಳಿದೆ. "ಬರೀ ಎಂಬತ್ತು ಪಾಯಿಂಟ್ ಕಣಪ್ಪ, ಗ್ಯಾಪ್ ತುಂಬದೆ ಎಲ್ಲಿಗೆ ಹೋಗುತ್ತೆ" ಅಂದರು. ಫ್ಯೂಚರ್ ಬೆಲೆ ಸೂಚ್ಯಂಕಕ್ಕಿಂತ ಸ್ವಲ್ಪ ಬೇರೆ ಇರುತ್ತದೆ, ಇಲ್ಲಿ ಸುಲಭಕ್ಕೆ ಸೂಚ್ಯಂಕದ ಲೆಕ್ಕದಲ್ಲೇ ಹೇಳುತ್ತಿದ್ದೇನೆ. ತೆರೆದ ಬೆಲೆಯೇ ಆ ದಿನದ ಮೇಲ್ಮಟ್ಟ ಆಯಿತು. ಅಲ್ಲಿಂದ ಮೇಲೆ ಒಂದು ಹೆಜ್ಜೆಯೂ ಇಡಲಿಲ್ಲ. ಮುನ್ನೂರು ಇಳಿದಾಗ ಅವರು ಚಹಾ ತರಿಸಿದರು. ಆರುನೂರು ಇಳಿದಾಗ ಗಿರಾಕಿ ಬಂದು ಪಂಚೆ ಕೇಳಿದರೂ ಅವರಿಗೆ ಕೇಳಿಸಲಿಲ್ಲ. ಸಾವಿರ ದಾಟಿದ ಮೇಲೆ ಬ್ರೋಕರ್ ಕಡೆಯಿಂದ ಮಾರ್ಜಿನ್ ಕಟ್ಟಿ ಅಂತ ಮೆಸೇಜ್ ಬಂತು. ಅವತ್ತಿನ ಕೆಳಮಟ್ಟ ಸುಮಾರು 21,281. ತೆರೆದ ಬೆಲೆಯಿಂದ ಹತ್ತಿರ ಹತ್ತಿರ 1,900 ಪಾಯಿಂಟ್. ಅವರು ನಡುವೆ ಎಲ್ಲೋ ಮಾರಿ ಹೊರಗೆ ಬಂದರು. ನಿಫ್ಟಿ ಮುಗಿದಿದ್ದು 21,884ಕ್ಕೆ.

ಇನ್ನು ಮುಂದಿನದ್ದು ಕೇಳಿ. ಅದೇ ವಾರ ಶುಕ್ರವಾರ, ಜೂನ್ 7ಕ್ಕೆ, ನಿಫ್ಟಿ 23,290ಕ್ಕೆ ಮುಗಿಯಿತು. ಅಂದರೆ ಆ 84 ಪಾಯಿಂಟ್ ಗ್ಯಾಪ್ ಮೂರೇ ವಹಿವಾಟಿನ ದಿನದಲ್ಲಿ ತುಂಬಿತು! ಯಾರಾದರೂ ಇವತ್ತು ಕೂತು ಹಳೆಯ ಡೇಟಾ ನೋಡಿ "ಐದು ದಿನದೊಳಗೆ ತುಂಬಿದ ಗ್ಯಾಪ್ ಎಷ್ಟು" ಅಂತ ಎಣಿಸಿದರೆ ಈ ದಿನ ಗೆದ್ದವರ ಪಟ್ಟಿಗೆ ಸೇರುತ್ತದೆ. ಎಣಿಕೆಯಲ್ಲಿ ಅದಕ್ಕೆ ಒಂದು ಅಂಕ. ನನ್ನ ಗೆಳೆಯರಿಗೆ ಮಾತ್ರ ಒಂದು ವರ್ಷದ ಉಳಿತಾಯ ಹೋಯಿತು. ಮಾತು ನಿಜವಾಯಿತು, ದುಡ್ಡು ಹೋಯಿತು. ಎರಡೂ ಒಟ್ಟಿಗೆ ಆಗಬಹುದು ಅನ್ನುವುದು ಅವತ್ತು ನನಗೆ ಕಣ್ಣಿಗೆ ಕಟ್ಟಿದ ಹಾಗೆ ತಿಳಿಯಿತು. ಆಮೇಲೆಯೇ ನಾನು ಇದನ್ನು ಕೂತು ಎಣಿಸಲು ಶುರು ಮಾಡಿದ್ದು.

ಎಣಿಸುವುದು ಹೇಗೆ? ಮೊದಲು ನಾಲ್ಕು ವಿಷಯ ಕಾಗದದ ಮೇಲೆ ಬರೆದುಬಿಡಬೇಕು, ಡೇಟಾ ತೆರೆಯುವ ಮೊದಲೇ. ಗ್ಯಾಪನ್ನು ನಿನ್ನೆಯ ಮುಕ್ತಾಯದಿಂದ ಅಳೆಯುತ್ತೀರಾ, ಅಥವಾ ನಿನ್ನೆಯ ಮೇಲ್ಮಟ್ಟವನ್ನೂ ದಾಟಿ ತೆರೆದಿದ್ದರೆ ಮಾತ್ರ ಗ್ಯಾಪ್ ಅನ್ನುತ್ತೀರಾ? ತುಂಬುವುದು ಅಂದರೆ ಆ ಬೆಲೆಯನ್ನು ಮುಟ್ಟಿದರೆ ಸಾಕಾ, ಅಲ್ಲಿ ಮುಗಿಯಬೇಕಾ? ಎಷ್ಟು ದಿನದೊಳಗೆ? ಎಷ್ಟು ಪಾಯಿಂಟಿಗಿಂತ ಕಡಿಮೆ ಇದ್ದರೆ ಅದನ್ನು ಗ್ಯಾಪ್ ಅಂತ ಎಣಿಸುವುದೇ ಇಲ್ಲ? ಈ ನಾಲ್ಕು ಉತ್ತರ ಬದಲಾದರೆ ಅದೇ ಡೇಟಾದಲ್ಲಿ ಉತ್ತರವೂ ಬದಲಾಗುತ್ತದೆ. ಎರಡು ಪಾಯಿಂಟಿನ ಗ್ಯಾಪನ್ನೂ ಸೇರಿಸಿಕೊಂಡರೆ ತುಂಬುವ ಪ್ರಮಾಣ ತಾನಾಗೇ ಮೇಲೆ ಹೋಗುತ್ತದೆ, ಅದು ತೆರೆದ ಮೊದಲ ನಿಮಿಷದಲ್ಲೇ ತುಂಬಿರುತ್ತದಲ್ಲ. ಯಾರಾದರೂ ನಿಮಗೆ ಇಷ್ಟು ಪರ್ಸೆಂಟ್ ಅಂತ ಹೇಳಿದರೆ ಮೊದಲು ಈ ನಾಲ್ಕನ್ನು ಕೇಳಿ. ಉತ್ತರ ಬರದಿದ್ದರೆ ಆ ಸಂಖ್ಯೆಯನ್ನು ಅಲ್ಲೇ ಬಿಟ್ಟು ಬನ್ನಿ.

ನಾನು ಆರಿಸಿಕೊಂಡಿದ್ದು ಸರಳವಾದದ್ದು. ನಿನ್ನೆಯ ಮುಕ್ತಾಯದಿಂದ ಅಳತೆ, ಮುಟ್ಟಿದರೆ ಸಾಕು, ಅದೇ ದಿನ 3:30ರೊಳಗೆ. ಅದೇ ದಿನ ಯಾಕೆ ಅಂದರೆ, ಗಡುವು ಇಲ್ಲದಿದ್ದರೆ ಪರೀಕ್ಷೆಯೇ ಅಲ್ಲ. ಯಾವ ದಿಕ್ಕಿಗೂ ವಾಲದೆ ಸುಮ್ನೆ ಅಡ್ಡಾಡುವ ಬೆಲೆ ಕೂಡ ಸಾಕಷ್ಟು ಕಾಲ ಕೊಟ್ಟರೆ ಹಿಂದೆ ಬಿಟ್ಟ ಜಾಗಕ್ಕೆ ಒಮ್ಮೆ ಬಂದೇ ಬರುತ್ತದೆ, ಇದು ಗಣಿತದಲ್ಲಿ ಸಾಬೀತಾದ ಮಾತು. "ಒಂದಲ್ಲ ಒಂದು ದಿನ ತುಂಬುತ್ತೆ" ಅನ್ನುವುದರಲ್ಲಿ ಗ್ಯಾಪಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಈಗ ಬಹಳ ಮುಖ್ಯವಾದ ಜಾಗಕ್ಕೆ ಬಂದಿದ್ದೇವೆ, ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನಿಮ್ಮ ಎಣಿಕೆಯಲ್ಲಿ ಸಣ್ಣ ಗ್ಯಾಪುಗಳು ನೂರಕ್ಕೆ ಎಂಬತ್ತು ಸಲ ತುಂಬಿದವು ಅಂತ ಬಂತು ಅಂದುಕೊಳ್ಳಿ. ಎಂಬತ್ತು! ಕೇಳಿದರೆ ಸಾಲ ಮಾಡಿಯಾದರೂ ದುಡ್ಡು ಹಾಕಬೇಕು ಅನ್ನಿಸುತ್ತದೆ. ಆದರೆ ಎಂಬತ್ತು ಜಾಸ್ತಿಯಾ ಕಡಿಮೆಯಾ ಅಂತ ಹೇಳಲು ಎದುರಿಗೆ ಇನ್ನೊಂದು ಸಂಖ್ಯೆ ಬೇಕು. ಗ್ಯಾಪಿಗೆ ಯಾವ ಶಕ್ತಿಯೂ ಇಲ್ಲದ, ಬರೀ ನಾಣ್ಯ ಚಿಮ್ಮಿದ ಹಾಗೆ ಏರಿಳಿಯುವ ಪೇಟೆಯಲ್ಲಿ ಎಷ್ಟು ಸಲ ತುಂಬುತ್ತಿತ್ತು?

ಲೆಕ್ಕ ಹಾಕೋಣ. ತೆರೆದಾಗಿನಿಂದ ಮುಗಿಯುವವರೆಗೆ ಒಂದು ದಿನದ ಸಾಮಾನ್ಯ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 200 ಪಾಯಿಂಟ್ ಅಂತ ಇಟ್ಟುಕೊಳ್ಳಿ. ಇದು ಉದಾಹರಣೆಗೆ ತೆಗೆದುಕೊಂಡ ಸಂಖ್ಯೆ. ಪೇಟೆ 50 ಪಾಯಿಂಟ್ ಮೇಲೆ ತೆರೆಯಿತು. ದಿನದ ಕೊನೆಗೆ ಬೆಲೆ ತೆರೆದದ್ದಕ್ಕಿಂತ 50ಕ್ಕೂ ಹೆಚ್ಚು ಕೆಳಗೆ ಮುಗಿಯುವ ಸಾಧ್ಯತೆ ನೂರಕ್ಕೆ ಸುಮಾರು 40. ಇದು ಕೋಷ್ಟಕ ನೋಡಿ ಹೇಳಬಹುದಾದದ್ದು. ಆದರೆ ನಮಗೆ ಬೇಕಾದದ್ದು ಮುಗಿಯುವುದು ಅಲ್ಲ, ಮುಟ್ಟುವುದು. ಈಗ ಯೋಚಿಸಿ. ಬೆಲೆ ಆ 50ರ ಗೆರೆಯನ್ನು ಒಮ್ಮೆ ಮುಟ್ಟಿತು ಅಂದುಕೊಳ್ಳಿ. ನಾಣ್ಯದ ಪೇಟೆಯಲ್ಲಿ ಅಲ್ಲಿಂದ ಮುಂದೆ ಗೆರೆಯ ಕೆಳಗೆ ಮುಗಿಯುವುದು ಅರ್ಧ ಸಲ, ಮೇಲೆ ಮುಗಿಯುವುದು ಅರ್ಧ ಸಲ. ಹಾಗಾದರೆ ಗೆರೆಯ ಕೆಳಗೆ ಮುಗಿದ 40 ದಿನಗಳಿಗೆ ಜೋಡಿಯಾಗಿ, ಮುಟ್ಟಿ ವಾಪಸ್ ಮೇಲೆ ಬಂದು ಮುಗಿದ ಇನ್ನೂ 40 ದಿನ ಇದ್ದೇ ಇರಬೇಕು. ಒಟ್ಟು 80.

ಅಷ್ಟೇ. ಯಾವ ಗ್ಯಾಪ್ ಸಿದ್ಧಾಂತವೂ ಇಲ್ಲದೆ, ಬರೀ ನಾಣ್ಯದಿಂದ, ನೂರಕ್ಕೆ ಎಂಬತ್ತು.

ಅದೇ ಲೆಕ್ಕದಲ್ಲಿ 100 ಪಾಯಿಂಟ್ ಗ್ಯಾಪ್ ಸುಮಾರು 62 ಸಲ ತುಂಬುತ್ತದೆ, 200 ಪಾಯಿಂಟಿನದ್ದು 32 ಸಲ, 400 ಪಾಯಿಂಟಿನದ್ದು ನೂರಕ್ಕೆ ಐದೂ ಇಲ್ಲ. "ಸಣ್ಣ ಗ್ಯಾಪ್ ಬೇಗ ತುಂಬುತ್ತೆ, ದೊಡ್ಡದು ತುಂಬಲ್ಲ" ಅನ್ನುವ ಅನುಭವದ ಮಾತು ಇದೆಯಲ್ಲ, ಅದು ಇಲ್ಲಿಂದಲೇ ಬಂದದ್ದು. ಹತ್ತಿರದ ಮನೆಗೆ ದಾರಿಯಲ್ಲಿ ಹೋಗುವವನ ಕಾಲು ಜಾಸ್ತಿ ಸಲ ತಾಗುತ್ತದೆ, ದೂರದ ಮನೆಗೆ ಕಡಿಮೆ. ಆ ಮನೆಯಲ್ಲಿ ವಿಶೇಷ ಇದೆ ಅಂತ ಅರ್ಥ ಅಲ್ಲ.

ನಿಜವಾದ ಪೇಟೆ ಪೂರ್ತಿ ನಾಣ್ಯ ಅಲ್ಲ, ಗೊತ್ತು. ಒಂದು ದಿನ 100 ಪಾಯಿಂಟಿನ ಓಡಾಟ, ಇನ್ನೊಂದು ದಿನ 600. ಹಾಗಾಗಿ ಕೋಷ್ಟಕದ ಸಂಖ್ಯೆಗಳನ್ನೇ ಅಳತೆಗೋಲು ಮಾಡಿಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ನಾನು ಇದನ್ನು ಕನ್ನಡಿ ಪರೀಕ್ಷೆ ಅನ್ನುತ್ತೇನೆ.

ನಿನ್ನೆ ಮುಗಿದದ್ದು 23,000, ಇವತ್ತು ತೆರೆದದ್ದು 23,050. ಗ್ಯಾಪ್ ಗೆರೆ 23,000. ತೆರೆದ ಬೆಲೆಯ ಇನ್ನೊಂದು ಕಡೆ ಅಷ್ಟೇ ದೂರದಲ್ಲಿ ಒಂದು ಸುಳ್ಳು ಗೆರೆ ಎಳೆಯಿರಿ, 23,100ರಲ್ಲಿ. ಅಲ್ಲಿ ಯಾವ ಗ್ಯಾಪೂ ಇಲ್ಲ, ಅದಕ್ಕೆ ಯಾವ ಹೆಸರೂ ಇಲ್ಲ. ಈಗ ಎರಡನ್ನೂ ಎಣಿಸಿ. ಗ್ಯಾಪಿಗೆ ನಿಜವಾಗಿಯೂ ಸೆಳೆತ ಇದ್ದರೆ ಬೆಲೆ 23,000ವನ್ನು 23,100ಕ್ಕಿಂತ ಸ್ಪಷ್ಟವಾಗಿ ಜಾಸ್ತಿ ಸಲ ಮುಟ್ಟಬೇಕು. ಎರಡೂ ಸುಮಾರು ಒಂದೇ ಆದರೆ ನೀವು ಎಣಿಸುತ್ತಿರುವುದು ದೂರವನ್ನು, ಗ್ಯಾಪನ್ನಲ್ಲ. ದಿನದ ಓಡಾಟ ಹೆಚ್ಚು ಇದ್ದರೂ ಕಡಿಮೆ ಇದ್ದರೂ ಎರಡು ಗೆರೆಗೂ ಒಂದೇ ಹವಾಮಾನ, ಅದೇ ಇದರ ಅನುಕೂಲ.

ಮಾಡಲು ಸ್ಪ್ರೆಡ್‌ಶೀಟ್ ಸಾಕು. A ಕಾಲಂನಲ್ಲಿ ದಿನಾಂಕ, B ತೆರೆದ ಬೆಲೆ, C ಮೇಲ್ಮಟ್ಟ, D ಕೆಳಮಟ್ಟ, E ಮುಕ್ತಾಯ, ಹಳೆಯ ದಿನ ಮೇಲೆ ಇರಲಿ. ಮೂರನೇ ಸಾಲಿನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
F3: =B3-E2
G3: =IF(F3>0, IF(D3<=E2,1,0), IF(C3>=E2,1,0))
H3: =IF(F3>0, IF(C3>=2*B3-E2,1,0), IF(D3<=2*B3-E2,1,0))
```

F ಗ್ಯಾಪ್, G ಗ್ಯಾಪ್ ತುಂಬಿತಾ, H ಕನ್ನಡಿ ಗೆರೆ ಮುಟ್ಟಿತಾ. ಆಮೇಲೆ ಗ್ಯಾಪಿನ ಗಾತ್ರದ ಪ್ರಕಾರ ದಿನಗಳನ್ನು ಮೂರೋ ನಾಲ್ಕೋ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ G ಮತ್ತು H ಸರಾಸರಿ ನೋಡಿ. ಮೇಲಿನ ಗ್ಯಾಪನ್ನೂ ಕೆಳಗಿನ ಗ್ಯಾಪನ್ನೂ ಬೆರೆಸಬೇಡಿ, ಪೇಟೆ ವರ್ಷಗಟ್ಟಲೆ ಮೇಲೆ ಹೋಗಿದ್ದರೆ ಒಂದು ದಿಕ್ಕಿಗೆ ಅದರದ್ದೇ ಅನುಕೂಲ ಇರುತ್ತದೆ. ಗಾತ್ರವನ್ನು ಪಾಯಿಂಟಿನಲ್ಲಿ ಅಳೆಯುವ ಬದಲು ಹಿಂದಿನ ಇಪ್ಪತ್ತು ದಿನಗಳ ಸರಾಸರಿ ಓಡಾಟದ ಎಷ್ಟು ಪಾಲು ಅಂತ ಅಳೆಯಿರಿ. ನಿಫ್ಟಿ 8,000 ಇದ್ದಾಗಿನ 80 ಪಾಯಿಂಟೂ 23,000 ಇದ್ದಾಗಿನ 80 ಪಾಯಿಂಟೂ ಒಂದೇ ಅಲ್ಲ.

ಇಷ್ಟು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, "ಸರ್, ನಿಮಗೆ ಎಷ್ಟು ಬಂತು ಅದನ್ನ ಹೇಳಿಬಿಡಿ" ಅಂದ. ನಾನು ಹೇಳಲಿಲ್ಲ, ಇಲ್ಲೂ ಬರೆಯುವುದಿಲ್ಲ. ನಾನು ಒಂದು ಸಂಖ್ಯೆ ಹೇಳಿದರೆ ನೀವು ಆ ಸಂಖ್ಯೆಯನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋಗುತ್ತೀರಿ, H ಕಾಲಂ ಇಲ್ಲೇ ಉಳಿಯುತ್ತದೆ. ಅದೂ ಅಲ್ಲದೆ ನೀವು ವಹಿವಾಟು ಮಾಡುವ ಷೇರು ಬೇರೆ, ನೀವು ನೋಡುವ ವರ್ಷಗಳು ಬೇರೆ. ಒಂದು ಸಂಜೆಯ ಕೆಲಸ, ಮಾಡಿ ನೋಡಿ.

ಡೇಟಾದಲ್ಲಿ ಎಡವುವ ಕಡೆ ಎರಡು ಹೇಳುತ್ತೇನೆ. ಮೊದಲನೆಯದು ಮುಕ್ತಾಯದ ಬೆಲೆ. ಎನ್‌ಎಸ್‌ಇಯ ಹಳೆಯ ಡೇಟಾದಲ್ಲಿ ಒಂದು ಷೇರಿನ ಮುಕ್ತಾಯದ ಬೆಲೆ ಅಂದರೆ 3:30ಕ್ಕೆ ನಡೆದ ಕೊನೆಯ ವ್ಯಾಪಾರ ಅಲ್ಲ. ಕೊನೆಯ ಅರ್ಧ ಗಂಟೆಯ ವ್ಯಾಪಾರಗಳ ತೂಕದ ಸರಾಸರಿ. ನಿಫ್ಟಿಯ ಮುಕ್ತಾಯವೂ ಆ ಬೆಲೆಗಳಿಂದಲೇ ಬರುತ್ತದೆ. ಇದರಿಂದ ಏನಾಗುತ್ತೆ ನೋಡಿ. ಮೂರು ಗಂಟೆಯಿಂದ ಮೂರೂವರೆವರೆಗೆ ಪೇಟೆ ಒಂದೇ ಸಮ 60 ಪಾಯಿಂಟ್ ಇಳಿಯಿತು. ಪರದೆಯ ಮೇಲೆ ಕೊನೆಗೆ ಕಂಡದ್ದು 22,940, ದಾಖಲಾದ ಮುಕ್ತಾಯ ಅದಕ್ಕಿಂತ ಸುಮಾರು 30 ಮೇಲೆ, 22,970. ಬೆಳಿಗ್ಗೆ ಒಂದು ಚೂರೂ ಕದಲದೆ 22,940ಕ್ಕೇ ತೆರೆಯಿತು. ನಿಮ್ಮ ಫೈಲಿನಲ್ಲಿ ಅದು 30 ಪಾಯಿಂಟಿನ ಕೆಳಗಿನ ಗ್ಯಾಪ್. ನಿಜವಾಗಿ ಅಲ್ಲಿ ಖಾಲಿ ಜಾಗವೇ ಇಲ್ಲ, ಆ ಬೆಲೆಯಲ್ಲೆಲ್ಲಾ ನಿನ್ನೆ ವ್ಯಾಪಾರ ನಡೆದಿದೆ. ಸಣ್ಣ ಗ್ಯಾಪುಗಳ ಗುಂಪಿನಲ್ಲಿ ಇಂಥವು ಬೆರೆತು ಹೋಗಿರುತ್ತವೆ. ನಿಮಿಷದ ಡೇಟಾ ಸಿಕ್ಕರೆ 3:29ರ ಬೆಲೆಯಿಂದ ಇನ್ನೊಮ್ಮೆ ಎಣಿಸಿ, ಎರಡು ಉತ್ತರ ಎಷ್ಟು ಬೇರೆ ಬಂತು ಅಂತ ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು ಬೋನಸ್, ಷೇರು ವಿಭಜನೆ, ಡಿವಿಡೆಂಡ್. ಒಂದಕ್ಕೆ ಒಂದು ಬೋನಸ್ ಕೊಟ್ಟ ದಿನ ಬೆಲೆ ಅರ್ಧಕ್ಕೆ ತೆರೆಯುತ್ತದೆ. ಸರಿಪಡಿಸದ ಡೇಟಾದಲ್ಲಿ ಅದು ನೂರಕ್ಕೆ ಐವತ್ತರ ಗ್ಯಾಪ್. ನಿಜದಲ್ಲಿ ಯಾರ ಜೇಬಿನಿಂದಲೂ ಒಂದು ರೂಪಾಯಿ ಹೋಗಿಲ್ಲ. ಫ್ಯೂಚರ್ ಬೆಲೆಗಳನ್ನು ತಿಂಗಳಿಂದ ತಿಂಗಳಿಗೆ ಜೋಡಿಸಿದ ಫೈಲಿನಲ್ಲೂ ಜೋಡಣೆಯ ದಿನ ಇಂಥದ್ದೇ ಸುಳ್ಳು ಗ್ಯಾಪ್ ಹುಟ್ಟುತ್ತದೆ.

ಇನ್ನು ನಿರ್ಧಾರದ ವಿಷಯ. ತುಂಬುವ ಪ್ರಮಾಣ ಜಾಸ್ತಿ ಇದೆ ಅಂತಲೇ ಇಟ್ಟುಕೊಳ್ಳೋಣ. ಅದರ ಮೇಲೆ ವಹಿವಾಟು ಕಟ್ಟಿದರೆ ಏನಾಗುತ್ತೆ? 50 ಪಾಯಿಂಟ್ ಮೇಲೆ ತೆರೆದಿದೆ, ನೀವು ಮಾರುತ್ತೀರಿ, ಗುರಿ 50 ಪಾಯಿಂಟ್ ಲಾಭ. ಸ್ಟಾಪ್ ಹತ್ತಿರ ಇಟ್ಟರೆ ಸುಮ್ನೆ ಹೊಡೆದು ಹೋಗುತ್ತೆ ಅಂತ 150 ಪಾಯಿಂಟ್ ದೂರ ಇಡುತ್ತೀರಿ. ನಾಣ್ಯದ ಪೇಟೆಯಲ್ಲಿ ಎರಡರಲ್ಲಿ ಒಂದು ಗೆರೆ ಮುಟ್ಟುವವರೆಗೆ ಕಾದರೆ, ಗುರಿ ಮೊದಲು ಸಿಗುವ ಸಾಧ್ಯತೆ 200ರಲ್ಲಿ 150, ಅಂದರೆ ನೂರಕ್ಕೆ 75. ನೂರು ವಹಿವಾಟು ಮಾಡಿದಿರಿ. 75 ಸಲ 50 ಗೆದ್ದಿರಿ, 3,750. 25 ಸಲ 150 ಸೋತಿರಿ, ಅದೂ 3,750. ಕೈಗೆ ಬಂದದ್ದು ಸೊನ್ನೆ. ಬ್ರೋಕರೇಜ್, ತೆರಿಗೆ, ಬಯಸಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ ಎಲ್ಲಾ ಸೇರಿ ಒಂದು ವಹಿವಾಟಿಗೆ 8 ಪಾಯಿಂಟ್ ಅಂತ ಹಿಡಿದರೆ ನೂರಕ್ಕೆ 800 ಪಾಯಿಂಟ್ ನಷ್ಟ. ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತಾ, ಮನೆಯಲ್ಲಿ ಎಲ್ಲರಿಗೂ ಗೆದ್ದದ್ದನ್ನು ಹೇಳುತ್ತಾ, ಖಾತೆ ಮಾತ್ರ ಕರಗುತ್ತಾ ಹೋಗುತ್ತದೆ. ಇದನ್ನು ನಾನು ನಮ್ಮ ಊರಿನಲ್ಲೇ ಎಷ್ಟು ಜನರಲ್ಲಿ ನೋಡಿದ್ದೇನೆ. ಅವರು ದಡ್ಡರಲ್ಲ. ಗೆಲುವು ದಿನಾ ಕಾಣುತ್ತದೆ, ಸೋಲು ವಾರಕ್ಕೆ ಒಂದೋ ಎರಡೋ ಸಲ ಬರುತ್ತದೆ, ಹಾಗಾಗಿ ಸೋಲು ಆಕಸ್ಮಿಕ ಅಂತಲೇ ಅನ್ನಿಸುತ್ತದೆ.

ಸ್ಟಾಪ್ ಇಡದೇ 3:30ಕ್ಕೆ ಹೊರಗೆ ಬರುತ್ತೇನೆ ಅಂದರೂ ಅಷ್ಟೇ. 80 ಸಲ 50 ಗೆದ್ದರೆ 4,000. ಉಳಿದ 20 ದಿನ ಸರಾಸರಿ 200 ಪಾಯಿಂಟ್ ಸೋಲು, ಅಲ್ಲಿಗೂ 4,000. ಗ್ಯಾಪ್ ತುಂಬದ ದಿನ ಸುಮ್ಮನೆ ತುಂಬದೆ ನಿಲ್ಲುವುದಿಲ್ಲ, ಅದು ಆ ಕಡೆಗೇ ಓಡಿದ ದಿನವಾಗಿರುತ್ತದೆ. ಜೂನ್ 4 ಅಂಥ ದಿನ.

ಹಾಗಾಗಿ ತುಂಬಿತಾ ಇಲ್ಲವಾ ಅನ್ನುವ ಒಂದು ಕಾಲಂ ಸಾಲದು. ಪ್ರತಿ ದಿನಕ್ಕೂ ಇನ್ನೆರಡು ಬರೆಯಿರಿ. ತುಂಬುವ ಮೊದಲು ಬೆಲೆ ನಿಮ್ಮ ವಿರುದ್ಧ ಎಷ್ಟು ದೂರ ಹೋಯಿತು, ಮತ್ತು ತುಂಬದ ದಿನ 3:30ಕ್ಕೆ ಎಷ್ಟು ನಷ್ಟ. ಮೊದಲನೆಯದಕ್ಕೆ ನಿಮಿಷದ ಡೇಟಾ ಬೇಕೇ ಬೇಕು. ದಿನದ ಡೇಟಾದಲ್ಲಿ ಮೇಲ್ಮಟ್ಟ ಎಷ್ಟು, ಕೆಳಮಟ್ಟ ಎಷ್ಟು ಅಂತ ಇದೆ, ಯಾವುದು ಮೊದಲು ಬಂತು ಅಂತ ಇಲ್ಲ. ಸ್ಟಾಪೂ ಮುಟ್ಟಿದೆ, ಗುರಿಯೂ ಮುಟ್ಟಿದೆ ಅಂದರೆ ಅನೇಕರು ಅದನ್ನು ಗೆಲುವು ಅಂತ ಬರೆದುಕೊಳ್ಳುತ್ತಾರೆ. ನಿಮಿಷದ ಡೇಟಾ ಇಲ್ಲದಿದ್ದರೆ ಅಂಥ ದಿನಗಳನ್ನೆಲ್ಲಾ ಸೋಲು ಅಂತಲೇ ಬರೆಯಿರಿ. ಹಾಗೆ ಬರೆದ ಮೇಲೂ ಲಾಭ ಉಳಿದರೆ ಅದನ್ನು ಮುಂದೆ ನೋಡೋಣ.

ಇನ್ನೊಂದು ಎಚ್ಚರ. ಮೊದಲ ಎಣಿಕೆಯಲ್ಲಿ ಏನೂ ಸಿಗದಿದ್ದಾಗ ನಾವು ಸೋಸಲು ಶುರು ಮಾಡುತ್ತೇವೆ. ಸೋಮವಾರ ಮಾತ್ರ ನೋಡೋಣ, ನಿನ್ನೆ ಇಳಿದ ದಿನ ಮಾತ್ರ ನೋಡೋಣ, ಗ್ಯಾಪ್ 30ರಿಂದ 45ರ ನಡುವೆ ಇದ್ದಾಗ ಮಾತ್ರ. ಇಪ್ಪತ್ತು ಥರ ಸೋಸಿದರೆ ಒಂದರಲ್ಲಿ ಚೆನ್ನಾಗಿ ಕಾಣುವುದು ಬರೀ ಅದೃಷ್ಟದಿಂದಲೂ ಆಗುತ್ತದೆ. ಜೊತೆಗೆ ಸೋಸಿದಷ್ಟೂ ದಿನಗಳು ಕಡಿಮೆ ಉಳಿಯುತ್ತವೆ. 25 ದಿನ ಉಳಿದು ಅದರಲ್ಲಿ 15 ತುಂಬಿದರೆ ನೂರಕ್ಕೆ 60 ಅನ್ನುತ್ತೇವೆ, ಆದರೆ ಅಷ್ಟು ಕಡಿಮೆ ದಿನದಲ್ಲಿ ನಿಜವಾದ ಪ್ರಮಾಣ 40 ಇರಬಹುದು, 80 ಇರಬಹುದು. ಹತ್ತು ವರ್ಷದ ಡೇಟಾ ಇದ್ದರೆ ಮೊದಲ ಆರು ವರ್ಷದಲ್ಲಿ ನಿಯಮ ಹುಡುಕಿ, ಉಳಿದ ನಾಲ್ಕನ್ನು ಮುಟ್ಟದೆ ಇಟ್ಟು, ಕೊನೆಗೆ ಒಂದೇ ಸಲ ಪರೀಕ್ಷೆ ಮಾಡಿ. ಎರಡನೇ ಸಲ ತೆರೆದರೆ ಅದೂ ಹಳೆಯ ಡೇಟಾ ಆಗಿಹೋಗುತ್ತದೆ.

ಗ್ಯಾಪುಗಳಿಗೆ ಹೆಸರು ಇಡುವ ಪದ್ಧತಿಯೂ ಇದೆ. ಕಾಮನ್, ಬ್ರೇಕ್‌ಅವೇ, ರನ್‌ಅವೇ, ಎಕ್ಸಾಸ್ಚನ್ ಅಂತ. ಚಾರ್ಟ್ ಪುಸ್ತಕಗಳಲ್ಲೆಲ್ಲಾ ಸಿಗುತ್ತದೆ. ತುಂಬಿದ್ದನ್ನು ಕಾಮನ್ ಅನ್ನುವುದು, ತುಂಬದೆ ಓಡಿದ್ದನ್ನು ಬ್ರೇಕ್‌ಅವೇ ಅನ್ನುವುದು. ಬೆಳಿಗ್ಗೆ 9:15ಕ್ಕೆ ಇದು ಯಾವುದು ಅಂತ ಹೇಳುವ ನಿಯಮವನ್ನು ಬರೆದು ಕೊಟ್ಟರೆ ಅದನ್ನೂ ಎಣಿಸಬಹುದು. ಸಂಜೆ ಇಟ್ಟ ಹೆಸರಿನಿಂದ ಉಪಯೋಗ ಇಲ್ಲ.

ವಹಿವಾಟು ಮಾಡದವರೂ ಈ ನಂಬಿಕೆಯ ಮೇಲೆ ನಿರ್ಧಾರ ಮಾಡುತ್ತಾರೆ, ಅದು ನನಗೆ ಇನ್ನೂ ಜಾಸ್ತಿ ಕಾಡುವ ವಿಷಯ. 2020ರ ಏಪ್ರಿಲ್ ನೆನಪಿದೆಯಾ? ಲಾಕ್‌ಡೌನ್. ಏಪ್ರಿಲ್ 3ರ ಶುಕ್ರವಾರ ನಿಫ್ಟಿ 8,084ರ ಹತ್ತಿರ ಮುಗಿದಿತ್ತು. ಸೋಮವಾರ ರಜೆ. ಮಂಗಳವಾರ ಏಪ್ರಿಲ್ 7ಕ್ಕೆ 8,446ರ ಹತ್ತಿರ ತೆರೆಯಿತು, ಅವತ್ತೇ 8,792ಕ್ಕೆ ಮುಗಿಯಿತು. ಆಗ ದುಡ್ಡು ಕೈಯಲ್ಲಿ ಇಟ್ಟುಕೊಂಡಿದ್ದ ಒಬ್ಬ ಮೇಷ್ಟ್ರು ನನಗೆ ಹೇಳಿದ್ದರು, ಕೆಳಗೆ ಇಷ್ಟು ದೊಡ್ಡ ಗ್ಯಾಪ್ ಬಿಟ್ಟು ಬಂದಿದೆ, ಅದು ತುಂಬಿದ ಮೇಲೆ ಹಾಕುತ್ತೇನೆ ಅಂತ. ಆ ಗ್ಯಾಪ್ ಇವತ್ತಿಗೂ ತುಂಬಿಲ್ಲ. ನಿಫ್ಟಿ ಆಮೇಲೆ 8,084ಕ್ಕೆ ತಿರುಗಿ ಬರಲೇ ಇಲ್ಲ. ಅವರು ವರ್ಷ ಕಳೆದ ಮೇಲೆ ದುಪ್ಪಟ್ಟು ಬೆಲೆಗೆ ಹತ್ತಿರ ಹತ್ತಿರ ಖರೀದಿ ಮಾಡಿದರು. ಅವರು ಇದನ್ನು ನಷ್ಟ ಅಂತ ಎಲ್ಲೂ ಬರೆದುಕೊಂಡಿಲ್ಲ, ಯಾಕೆಂದರೆ ಖಾತೆಯಿಂದ ದುಡ್ಡು ಹೋಗಿಲ್ಲ. ಕೆಳಗಿನ ಗ್ಯಾಪ್ ತುಂಬಲಿ ಅಂತ ಕಾಯುವುದೂ ಒಂದು ವಹಿವಾಟೇ. ಅದಕ್ಕೂ ಗಡುವು ಬರೆದಿಡಬೇಕು. ಇಷ್ಟು ದಿನದಲ್ಲಿ ಬರದಿದ್ದರೆ ಸಿಕ್ಕ ಬೆಲೆಗೆ ಕಂತುಕಂತಾಗಿ ಹಾಕುತ್ತೇನೆ ಅಂತ.

ಕೊನೆಗೆ ಚನ್ನಗಿರಿ ಕಡೆಯ ಒಬ್ಬರು ಅಮ್ಮ, ಮನೆಯ ಅಡಿಕೆ ಲೆಕ್ಕವನ್ನೆಲ್ಲಾ ಅವರೇ ನೋಡಿಕೊಳ್ಳುವುದಂತೆ, ಕೇಳಿದರು: "ಅಡಿಕೆ ದರವೂ ಒಂದೊಂದು ಸಲ ರಾತ್ರೋರಾತ್ರಿ ಸಾವಿರ ಇಳಿಯುತ್ತಲ್ರೀ. ಅದು ವಾಪಸ್ ಬರುತ್ತೆ ಅಂತ ಮೂಟೆ ಇಟ್ಟುಕೊಳ್ಳಬೇಕಾ ಬೇಡ್ವಾ, ಇದೇ ಥರ ಎಣಿಸಬಹುದಾ?" ಇಡೀ ಬೆಳಿಗ್ಗೆಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದು. ನಾನು ಹೇಳಿದ್ದು ಇಷ್ಟು. ಎಣಿಸಬಹುದು ಅಮ್ಮ, ಆದರೆ ಹಾಗೇ ಅಲ್ಲ. ನಿಫ್ಟಿಯಲ್ಲಿ ನಿನ್ನೆ ಮಾರಿದ್ದೂ ಇವತ್ತು ಮಾರಿದ್ದೂ ಒಂದೇ ವಸ್ತು. ಮಾರುಕಟ್ಟೆಯ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತೆ, ತೆರೆದ ಬೆಲೆ ಅಂತ ಇರಲ್ಲ. ಇವತ್ತಿನ ಮಾದರಿ ದರ ಇಳಿದಿದ್ದು ಬೆಲೆ ಬಿದ್ದದ್ದಕ್ಕೋ, ಇವತ್ತು ಕಳಪೆ ಮಾಲು ಜಾಸ್ತಿ ಬಂದದ್ದಕ್ಕೋ ಪಟ್ಟಿ ನೋಡಿ ಗೊತ್ತಾಗಲ್ಲ. ಅದಕ್ಕೆ ಒಂದೇ ಬಗೆ ತೆಗೆದುಕೊಳ್ಳಿ, ರಾಶಿ ಇಡಿಯಾದರೆ ರಾಶಿ ಇಡಿ ಮಾತ್ರ, ಒಂದೇ ಮಾರುಕಟ್ಟೆ, ಆವಕ ತೀರಾ ಕಡಿಮೆ ಇದ್ದ ದಿನಗಳನ್ನು ಬಿಟ್ಟುಬಿಡಿ. ಇಳಿದ ಮೇಲೆ ಮೂವತ್ತು ದಿನದೊಳಗೆ ಹಳೆಯ ದರ ಬಂತಾ ಅಂತ ಒಂದು ಕಾಲಂ. ಅದೇ ಮೂವತ್ತು ದಿನದಲ್ಲಿ ಅಷ್ಟೇ ದೂರ ಇನ್ನೂ ಕೆಳಗೆ ಹೋಯಿತಾ ಅಂತ ಇನ್ನೊಂದು. ಮೂಟೆ ಇಟ್ಟ ಅಷ್ಟು ದಿನದ ಬಡ್ಡಿ, ಒಣಗಿ ಕಡಿಮೆಯಾಗುವ ತೂಕ ಮೂರನೆಯದು.

"ಮೂರನೇದು ನಮ್ಮ ಹತ್ರ ಬರೆದಿಟ್ಟಿದೀನಿ" ಅಂದರು ಅವರು, "ಮೊದಲೆರಡು ಬರೆದಿರಲಿಲ್ಲ."